ಹೊಸ ಪಾರ್ಟಿಗೆ ಮೊದಲ ಬಿಲ್ಲಿನ ಇ-ಮೇಲ್: ಹೇಳಿದ ದಿನಕ್ಕೆ ರೊಕ್ಕ ಬರಲು ಏನು ಬರೆಯಬೇಕು?

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಒಂದು ಸಣ್ಣ ನೇಕಾರಿಕೆ ಘಟಕ ಇದೆ ಎಂದಿಟ್ಟುಕೊಳ್ಳಿ. ಇಷ್ಟು ವರ್ಷ ಸೀರೆ ಮಾರಿದ್ದು ಊರ ಸಾವಕಾರರಿಗೆ, ಹುಬ್ಬಳ್ಳಿಯ ಗುರುತಿನ ಅಂಗಡಿಗಳಿಗೆ. ಲೆಕ್ಕ ಖಾತೆ ಪುಸ್ತಕದಲ್ಲಿತ್ತು, ವಸೂಲಿ ಫೋನಿನಲ್ಲಿ ನಡೆಯುತ್ತಿತ್ತು. ಈಗ ಬೆಂಗಳೂರಿನ ಒಂದು ಸೀರೆ ಮಳಿಗೆ ಮೊದಲ ಬಾರಿಗೆ 36 ಸೀರೆಗೆ ಆರ್ಡರ್ ಕೊಟ್ಟಿದೆ. ಸೀರೆ ಲಾರಿ ಹತ್ತಿವೆ. ಆ ಕಡೆಯಿಂದ ಒಂದೇ ಸಾಲಿನ ಸಂದೇಶ ಬಂದಿದೆ: “ಬಿಲ್ ಅಕೌಂಟ್ಸ್‌ಗೆ ಮೇಲ್ ಮಾಡಿ.”

ಬಹಳ ಜನ ಇಲ್ಲಿ ಬಿಲ್ಲಿನ ಫೋಟೊ ತೆಗೆದು, ಮೇಲಿಗೆ ಲಗತ್ತಿಸಿ, “ಸರ್, ಬಿಲ್ ಕಳಿಸೇನ್ರಿ, ಲಗೂ ಹಾಕ್ರಿ” ಎಂದು ಬರೆದು ಸುಮ್ಮನಾಗುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಫೋನ್ ಮಾಡುತ್ತಾರೆ. ಪಾರ್ಟಿ ಕೆಟ್ಟದ್ದಾಗಿರಬೇಕಿಲ್ಲ. ಎಷ್ಟೋ ಸಲ ಆ ಬಿಲ್ಲು ಅವರ ಲೆಕ್ಕದ ಪುಸ್ತಕಕ್ಕೆ ಏರಿಯೇ ಇರುವುದಿಲ್ಲ. ಯಾಕೆ ಏರುವುದಿಲ್ಲ, ಏರಬೇಕಾದರೆ ಮೊದಲ ಮೇಲಿನಲ್ಲಿ ಏನಿರಬೇಕು ಎಂಬುದನ್ನು ಈ 36 ಸೀರೆಗಳ ಲೆಕ್ಕ ಹಿಡಿದೇ ನೋಡೋಣ.

## ಈ ಮೇಲನ್ನು ಓದುವವರು ಯಾರು?

ಆರ್ಡರ್ ಕೊಟ್ಟವರು ನಿಮ್ಮನ್ನು ಬಲ್ಲರು. ಅವರು ನಿಮ್ಮ ಸೀರೆ ನೋಡಿದ್ದಾರೆ, ಟೋಪಿ ತೆನಿ ಸೆರಗಿನ ಬಗ್ಗೆ ಮಾತಾಡಿದ್ದಾರೆ, ದರ ಚೌಕಾಸಿ ಮಾಡಿದ್ದಾರೆ. ಆದರೆ ರೊಕ್ಕ ಹಾಕುವವರು ಅವರಲ್ಲ. ಅಕೌಂಟ್ಸ್ ಟೇಬಲ್ಲಿನಲ್ಲಿ ಕೂತ ಗುಮಾಸ್ತರಿಗೆ ನಿಮ್ಮ ಹೆಸರು ಗೊತ್ತಿಲ್ಲ, ನಿಮ್ಮ ಊರು ಗೊತ್ತಿಲ್ಲ, ಸೀರೆಯನ್ನು ಅವರು ನೋಡಿಯೂ ಇಲ್ಲ.

ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗಂಟಿನ ಮೇಲೆ ಮಾರ್ಕಾ ಹಾಕುತ್ತೇವಲ್ಲ, ಅದೇ ಕೆಲಸ ಈ ಮೇಲಿನದು. ಗಂಟು ಇಳಿಸುವ ಹಮಾಲನಿಗೆ ಒಳಗೆ ಏನಿದೆ, ಕಳಿಸಿದವರು ಯಾರು ಎಂಬುದು ಬೇಕಿಲ್ಲ. ಮಾರ್ಕಾ ಸ್ಪಷ್ಟವಾಗಿದ್ದರೆ ಗಂಟು ಸರಿಯಾದ ಅಂಗಡಿಗೆ ಹೋಗುತ್ತದೆ, ಇಲ್ಲದಿದ್ದರೆ ಗೋದಾಮಿನ ಮೂಲೆಯಲ್ಲಿ ಕೂಡುತ್ತದೆ.

ಗುಮಾಸ್ತರು ಮೂರು ಕಾಗದ ಹೊಂದಿಸಿ ನೋಡುತ್ತಾರೆ: ತಮ್ಮ ಮಳಿಗೆ ಕೊಟ್ಟ ಆರ್ಡರ್, ಮಾಲು ಮುಟ್ಟಿದ ರಸೀದಿ, ನಿಮ್ಮ ಬಿಲ್ಲು. ಮೂರರಲ್ಲೂ ಸಂಖ್ಯೆ, ದರ, ಹೆಸರು ಒಂದೇ ಆಗಿದ್ದರೆ ಬಿಲ್ಲು ಲೆಕ್ಕಕ್ಕೆ ಏರುತ್ತದೆ. ಆರ್ಡರ್ ನಂಬರ್ ಇಲ್ಲದ ಬಿಲ್ಲಿನ ವಿಷಯದಲ್ಲಿ ಅವರು ಮಳಿಗೆಯ ಒಳಗೇ ಯಾರನ್ನೋ ಕೇಳಬೇಕು. ಕೇಳಬೇಕಾದ ಬಿಲ್ಲು ಬದಿಗೆ ಸರಿಯುತ್ತದೆ, ಕೇಳದೆ ಮುಗಿಯುವ ಬಿಲ್ಲು ಮುಂದೆ ಹೋಗುತ್ತದೆ. ಹಾಗಾಗಿ ಆರ್ಡರ್ ಕೊಟ್ಟವರ ಹೆಸರು ಮತ್ತು ಆರ್ಡರ್ ನಂಬರ್ ಮೇಲಿನ ಮೊದಲ ಸಾಲಿನಲ್ಲೇ ಇರಬೇಕು. ವಾಟ್ಸ್ಯಾಪಿನಲ್ಲಿ ಬಂದ ಆರ್ಡರಿಗೆ ನಂಬರ್ ಇರದಿದ್ದರೆ ಯಾವ ದಿನ, ಯಾರು ಕೊಟ್ಟದ್ದು ಎಂದಾದರೂ ಬರೆಯಿರಿ.

## ಬಿಲ್ಲಿನ ಲೆಕ್ಕ

ಸೀರೆಯೊಂದಕ್ಕೆ 2,800 ರೂಪಾಯಿಯಂತೆ 36 ಸೀರೆಗೆ 1,00,800 ರೂಪಾಯಿ. ಸೀರೆಗೆ ಜಿಎಸ್‌ಟಿ ಶೇ. 5. ಕೊಡುವವರು, ಕೊಳ್ಳುವವರು ಇಬ್ಬರೂ ಕರ್ನಾಟಕದಲ್ಲಿರುವುದರಿಂದ ಅದು ಎರಡು ಪಾಲಾಗುತ್ತದೆ: ಕೇಂದ್ರಕ್ಕೆ ಶೇ. 2.5, ರಾಜ್ಯಕ್ಕೆ ಶೇ. 2.5. ಒಂದೊಂದು ಪಾಲು 2,520 ರೂಪಾಯಿ, ಎರಡೂ ಸೇರಿ 5,040. ಒಟ್ಟು ಬಿಲ್ಲು 1,05,840 ರೂಪಾಯಿ. ಇದೇ ಮಾಲು ಸೊಲ್ಲಾಪುರಕ್ಕೋ ಪುಣೆಗೋ ಹೋಗಿದ್ದರೆ ಒಟ್ಟು ಮೊತ್ತ ಇಷ್ಟೇ, ಆದರೆ 5,040 ರೂಪಾಯಿಯನ್ನು ಐಜಿಎಸ್‌ಟಿ ಎಂದು ಒಂದೇ ಸಾಲಿನಲ್ಲಿ ತೋರಿಸಬೇಕು. ಪಾಲು ತಪ್ಪಿದರೆ ಬಿಲ್ಲು ವಾಪಸ್ ಬರುತ್ತದೆ.

ಮಾಲಿನ ಮೌಲ್ಯ 50,000 ರೂಪಾಯಿ ದಾಟಿದ್ದರಿಂದ ಇ-ವೇ ಬಿಲ್ ಕೂಡ ಆಗಿರುತ್ತದೆ. ಅದರ ನಂಬರನ್ನೂ ಲಾರಿ ರಸೀದಿಯ ನಂಬರನ್ನೂ ಮೇಲಿನಲ್ಲಿ ಒಂದು ಸಾಲು ಬರೆದರೆ, ಮಾಲು ಮುಟ್ಟಿದ್ದನ್ನು ಗುಮಾಸ್ತರು ತಾವೇ ತಾಳೆ ನೋಡಿಕೊಳ್ಳುತ್ತಾರೆ.

ಹೊಸ ಪಾರ್ಟಿಯ ಬಿಲ್ಲಿನಲ್ಲಿ ಅತಿ ಹೆಚ್ಚು ತಪ್ಪಾಗುವುದು ಅವರ ಜಿಎಸ್‌ಟಿ ನಂಬರ್. 15 ಅಕ್ಷರಗಳಲ್ಲಿ ಒಂದು ತಪ್ಪಿದರೂ ನೀವು ತುಂಬಿದ ತೆರಿಗೆ ಅವರ ಲೆಕ್ಕದಲ್ಲಿ ಕಾಣುವುದಿಲ್ಲ. ಮೊದಲ ಎರಡು ಅಂಕಿ ರಾಜ್ಯದ ಸಂಕೇತ: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27. ಬೆಂಗಳೂರಿನ ಪಾರ್ಟಿ ಕೊಟ್ಟ ನಂಬರ್ 27ರಿಂದ ಶುರುವಾದರೆ ಅಲ್ಲಿಯೇ ನಿಂತು ಕೇಳಿ, ಬಿಲ್ಲು ಯಾವ ಶಾಖೆಯ ಹೆಸರಿಗೆ ಬೇಕು ಎಂದು.

## ಕೊನೆಯ ದಿನ: ‘30 ದಿನ’ ಎಂದು ಬರೆದರೆ ಯಾಕೆ ಸಾಲದು?

ಮಾತು ಆಗಿರುವುದು 30 ದಿನದ ಉದ್ರಿ. ಬಿಲ್ಲಿನ ತಾರೀಖು 2026ರ ಜೂನ್ 10. ಮೇಲಿನಲ್ಲಿ ‘ಪಾವತಿ 30 ದಿನದೊಳಗೆ’ ಎಂದಷ್ಟೇ ಬರೆದರೆ ಏನಾಗುತ್ತದೆ ನೋಡಿ.

ನೀವು ಬಿಲ್ಲಿನ ತಾರೀಖಿನಿಂದ ಎಣಿಸುತ್ತೀರಿ, ಕೊನೆಯ ದಿನ ಜುಲೈ 10. ಮಾಲು ಬೆಂಗಳೂರು ಮುಟ್ಟಿದ್ದು ಜೂನ್ 13ಕ್ಕೆ. ಆರ್ಡರ್ ಕೊಟ್ಟವರು ಅಲ್ಲಿಂದ ಎಣಿಸುತ್ತಾರೆ, ಜುಲೈ 13. ಗುಮಾಸ್ತರು ಬಿಲ್ಲನ್ನು ಕಂಪ್ಯೂಟರಿಗೆ ಏರಿಸಿದ್ದು ಜೂನ್ 18ಕ್ಕೆ, ಅವರ ಲೆಕ್ಕದಲ್ಲಿ ಜುಲೈ 18. ಅನೇಕ ಮಳಿಗೆಗಳು ತಿಂಗಳಿಗೆ ಎರಡೇ ದಿನ ಪಾವತಿ ಮಾಡುತ್ತವೆ. ಈ ಮಳಿಗೆಯ ದಿನಗಳು 10 ಮತ್ತು 25 ಆಗಿದ್ದರೆ, 18ಕ್ಕೆ ಬೀಳುವ ಬಿಲ್ಲು 25ಕ್ಕೆ ಹೋಗುತ್ತದೆ. ಯಾರೂ ಮೋಸ ಮಾಡಿಲ್ಲ, ಆದರೂ ನಿಮ್ಮ ರೊಕ್ಕ 15 ದಿನ ತಡ. ಆ ಹೊತ್ತಿಗೆ ನೂಲಿನ ಅಂಗಡಿಯವರು ನಿಮ್ಮ ಬಾಗಿಲಿಗೆ ಬಂದಿರುತ್ತಾರೆ.

ಆದ್ದರಿಂದ ದಿನಗಳ ಸಂಖ್ಯೆಯ ಜೊತೆಗೆ ತಾರೀಖನ್ನೇ ಬರೆಯಬೇಕು: “ಪಾವತಿಗೆ ಕೊನೆಯ ದಿನ 10 ಜುಲೈ 2026, ಶುಕ್ರವಾರ.” ವಾರದ ಹೆಸರನ್ನೂ ಸೇರಿಸುವುದು ನನಗೆ ಇಷ್ಟ. ಅದನ್ನು ಬರೆಯಲು ಹೋದಾಗ ಕೊನೆಯ ದಿನ ಭಾನುವಾರಕ್ಕೋ ಹಬ್ಬಕ್ಕೋ ಬಿದ್ದಿದೆಯೇ ಎಂದು ನಿಮಗೇ ಕಾಣುತ್ತದೆ. ಇನ್ನೊಂದು ಕೆಲಸವನ್ನು ಆರ್ಡರ್ ಹಿಡಿಯುವಾಗಲೇ ಮಾಡಿ: ನಿಮ್ಮಲ್ಲಿ ಪಾವತಿ ಯಾವ ತಾರೀಖಿಗೆ ಹೋಗುತ್ತದೆ ಎಂದು ಕೇಳಿ, ಆ ತಾರೀಖಿಗೆ ಹೊಂದುವ ಕೊನೆಯ ದಿನವನ್ನೇ ಒಪ್ಪಿಸಿಕೊಳ್ಳಿ.

ಒಪ್ಪಿಸಿಕೊಳ್ಳುವುದು ಎಂದೆ. ಬಿಲ್ಲಿನ ಮೇಲಿನಲ್ಲಿ ನೀವೊಬ್ಬರೇ ಬರೆದ ತಾರೀಖು ಒಪ್ಪಂದ ಆಗುವುದಿಲ್ಲ. ಮೊದಲೇ ಲಿಖಿತವಾಗಿ, ಆರ್ಡರಿನಲ್ಲೋ ಮೇಲಿನಲ್ಲೋ ಇಬ್ಬರೂ ಒಪ್ಪಿದ ದಿನವನ್ನು ಬಿಲ್ಲು ನೆನಪಿಸಬೇಕು.

## ಕಾನೂನು ಹೇಳುವ 15 ಮತ್ತು 45

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ 15ನೇ ಕಲಮು ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಒಂದು ರಕ್ಷಣೆ ಕೊಟ್ಟಿದೆ. ಲಿಖಿತ ಒಪ್ಪಂದ ಇದ್ದರೆ ಕೊಳ್ಳುವವರು ಅದರಲ್ಲಿ ಹೇಳಿದ ದಿನದೊಳಗೆ ಕೊಡಬೇಕು, ಆದರೆ ಆ ಅವಧಿ 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ಎಣಿಕೆ ಶುರುವಾಗುವುದು ಮಾಲು ಒಪ್ಪಿಕೊಂಡ ದಿನದಿಂದ. ಮಾಲು ಮುಟ್ಟಿದ 15 ದಿನದೊಳಗೆ ಕೊಂಡವರು ಬರಹದಲ್ಲಿ ಆಕ್ಷೇಪ ಎತ್ತದಿದ್ದರೆ, ಮುಟ್ಟಿದ ದಿನವೇ ಒಪ್ಪಿಕೊಂಡ ದಿನ. ಗಡುವು ಮೀರಿದರೆ ಬಡ್ಡಿ ಕೊಡಬೇಕು. ಅದು ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ.

ಅಂದರೆ ಪಾರ್ಟಿ “ನಮ್ಮಲ್ಲಿ 90 ದಿನ” ಎಂದು ಬರೆಸಿಕೊಂಡರೂ, ನೇಯುವ ಘಟಕದ ಮಟ್ಟಿಗೆ ಕಾನೂನು 45ಕ್ಕೇ ನಿಲ್ಲುತ್ತದೆ. ಇದಕ್ಕೆ ಆಧಾರ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಎಂದು ಕೇಂದ್ರ ಸರ್ಕಾರದಲ್ಲಿ ಹೆಸರು ಬರೆಸುವುದು. ಮಾಲು ಕಳಿಸುವ ಮೊದಲೇ ಅದು ಆಗಿರಲಿ. ಒಂದು ಮಿತಿಯನ್ನು ಮಾತ್ರ ತಿಳಿದಿರಬೇಕು: ತಾವೇ ನೇಯದೆ, ಕೊಂಡು ಮಾರುವ ವ್ಯಾಪಾರಿಗಳೂ ಉದ್ಯಮ್‌ನಲ್ಲಿ ಹೆಸರು ಬರೆಸಬಹುದು, ಆದರೆ ಅವರಿಗೆ ಸಿಗುವುದು ಬ್ಯಾಂಕ್ ಸಾಲದ ಆದ್ಯತೆ, ಈ ಗಡುವಿನ ರಕ್ಷಣೆಯಲ್ಲ.

ಮೊದಲ ಮೇಲಿನಲ್ಲಿಯೇ ಬಡ್ಡಿ, ಕಲಮು ಎಂದು ಬರೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ವ್ಯವಹಾರ ಈಗಷ್ಟೇ ಶುರುವಾಗಿದೆ. ಉದ್ಯಮ್ ನಂಬರನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿದರೆ ಸಾಕು, ತಿಳಿದ ಗುಮಾಸ್ತರಿಗೆ ಅದರ ಅರ್ಥ ಆಗುತ್ತದೆ. ಗಡುವಿನೊಳಗೆ ಕೊಡದ ಮೊತ್ತವನ್ನು ಆ ವರ್ಷದ ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸುವುದಕ್ಕೆ 2023ರ ಹಣಕಾಸು ಕಾಯ್ದೆ ತಡೆ ಹಾಕಿತು. ಹಾಗಾಗಿ ಅಕೌಂಟ್ಸ್‌ನವರು ಆ ನಂಬರ್ ಹುಡುಕಿಯೇ ಹುಡುಕುತ್ತಾರೆ.

## ರೊಕ್ಕ ಎಲ್ಲಿಗೆ, ಹೇಗೆ ಹಾಕಬೇಕು?

1,05,840 ರೂಪಾಯಿಗೆ ಅಂಗಡಿ ಗೋಡೆಗೆ ಅಂಟಿಸಿದ ಯುಪಿಐ ಚೀಟಿ ನಂಬಿಕೊಂಡು ಕೂಡುವಂತಿಲ್ಲ. ಯುಪಿಐನ ಸಾಮಾನ್ಯ ಮಿತಿ 1 ಲಕ್ಷ. ಆರ್‌ಟಿಜಿಎಸ್ 2 ಲಕ್ಷದಿಂದ ಮೇಲಕ್ಕೆ ಮಾತ್ರ. ಇಷ್ಟು ಮೊತ್ತಕ್ಕೆ ಸರಿಯಾದ ದಾರಿ ನೆಫ್ಟ್. 2019ರ ಡಿಸೆಂಬರ್ 16ರಿಂದ ಅದು ಹಗಲು ರಾತ್ರಿ, ರಜೆ ದಿನವೂ ನಡೆಯುತ್ತದೆ. ಮೇಲಿನಲ್ಲಿ ‘ನೆಫ್ಟ್ ಮೂಲಕ’ ಎಂದು ಬರೆದು, ನಾಲ್ಕು ವಿವರ ಕೊಡಿ: ಖಾತೆಯ ಹೆಸರು, ಖಾತೆ ನಂಬರ್, ಬ್ಯಾಂಕು ಮತ್ತು ಶಾಖೆ, ಐಎಫ್‌ಎಸ್‌ಸಿ.

ಖಾತೆಯ ಹೆಸರಿನಲ್ಲಿಯೇ ನಮ್ಮ ಕಡೆ ಹೆಚ್ಚು ಎಡವಟ್ಟು. ಬಿಲ್ಲು ಘಟಕದ ಹೆಸರಿನಲ್ಲಿ, ಖಾತೆ ಮನೆಯ ಯಜಮಾನರ ಹೆಸರಿನಲ್ಲಿ, ಕೆಲವೊಮ್ಮೆ ಮಗನ ಹೆಸರಿನಲ್ಲಿ ಇರುತ್ತದೆ. ನೆಫ್ಟ್, ಆರ್‌ಟಿಜಿಎಸ್‌ನಲ್ಲಿ ರೊಕ್ಕ ಹಾಕುವ ಮೊದಲು ಪಡೆಯುವವರ ಹೆಸರು ಪರದೆಯ ಮೇಲೆ ಕಾಣುವ ವ್ಯವಸ್ಥೆಯನ್ನು 2025ರ ಏಪ್ರಿಲ್ 1ರೊಳಗೆ ಕೊಡುವಂತೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿತ್ತು. ಬಿಲ್ಲಿನಲ್ಲಿ ಒಂದು ಹೆಸರು, ಪರದೆಯಲ್ಲಿ ಇನ್ನೊಂದು ಕಂಡರೆ ಗುಮಾಸ್ತರು ಕೈ ಹಿಂದಕ್ಕೆ ತೆಗೆಯುತ್ತಾರೆ, ತೆಗೆಯಲೇಬೇಕು. ಘಟಕದ ಹೆಸರಿನಲ್ಲಿ ಕರೆಂಟ್ ಖಾತೆ ಇದ್ದರೆ ಈ ತಾಪತ್ರಯ ಇಲ್ಲ. ಇಲ್ಲದಿದ್ದರೆ ಪಾಸ್‌ಬುಕ್ಕಿನಲ್ಲಿ ಇರುವಂತೆಯೇ ಹೆಸರು ಬರೆದು, ‘ಇವರು ಘಟಕದ ಮಾಲೀಕರು’ ಎಂದು ಪಕ್ಕದಲ್ಲಿ ತಿಳಿಸಿ. ಹೆಸರು ಅಚ್ಚಾದ ಚೆಕ್ಕಿಗೆ ಅಡ್ಡಗೆರೆ ಎಳೆದು ರದ್ದು ಮಾಡಿ, ಅದರ ಪ್ರತಿಯನ್ನೂ ಲಗತ್ತಿಸಿ.

ಐಎಫ್‌ಎಸ್‌ಸಿ 11 ಅಕ್ಷರದ್ದು. ಮೊದಲ ನಾಲ್ಕು ಬ್ಯಾಂಕಿನ ಗುರುತು, ಕೊನೆಯ ಆರು ಶಾಖೆಯ ಗುರುತು, ನಡುವಿನ ಐದನೆಯದು ಯಾವಾಗಲೂ ಸೊನ್ನೆ. ಅದನ್ನು ಇಂಗ್ಲಿಷಿನ ‘ಓ’ ಅಕ್ಷರ ಮಾಡಿ ಟೈಪ್ ಮಾಡಿದರೆ ಪಾವತಿ ಮುಂದೆ ಹೋಗುವುದಿಲ್ಲ. ಹಳೆಯ ಬಿಲ್ ಪುಸ್ತಕದಲ್ಲಿ ಅಚ್ಚಾದ ಕೋಡನ್ನೂ ನಂಬಬೇಡಿ. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿದ ಮೇಲೆ ಅದರ ಹಳೆಯ ಕೋಡುಗಳು ನಿಂತುಹೋದವು. ನಮ್ಮ ಹಳ್ಳಿ ಹಳ್ಳಿಯಲ್ಲಿ ಶಾಖೆ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಂದು ಕರ್ನಾಟಕ ಗ್ರಾಮೀಣ ಬ್ಯಾಂಕಿನ ಜೊತೆ ಒಂದಾಯಿತು. ನಿಮ್ಮ ಬ್ಯಾಂಕು ಹೀಗೆ ಕೂಡಿದ್ದರೆ, ಇವತ್ತಿನ ಕೋಡು ಯಾವುದೆಂದು ಶಾಖೆಯಲ್ಲಿ ಕೇಳಿಯೇ ಬರೆಯಿರಿ.

ಮೊದಲ ಪಾವತಿಗೆ ಇರುವ ದೊಡ್ಡ ಅಪಾಯ ಕಳ್ಳರದು. ಯಾರದೋ ಮೇಲ್ ಖಾತೆಗೆ ನುಗ್ಗಿ, ಬಿಲ್ಲಿನಲ್ಲಿ ಖಾತೆ ನಂಬರ್ ಮಾತ್ರ ಬದಲಿಸಿ ಮತ್ತೆ ಕಳಿಸುವ ಮೋಸ ನಡೆಯುತ್ತಿದೆ. ಹಳೆಯ ಪಾರ್ಟಿಯಾದರೆ ‘ಖಾತೆ ಯಾಕೆ ಬದಲಾಯಿತು’ ಎಂದು ಅನುಮಾನ ಬಂದೀತು. ಹೊಸಬರಿಗೆ ಹೋಲಿಸಿ ನೋಡಲು ಹಳೆಯ ನಂಬರೇ ಇಲ್ಲ. ಅದಕ್ಕೆ ಮೇಲಿನಲ್ಲಿ ಎರಡು ವಾಕ್ಯ ಬರೆಯಿರಿ: ನಮ್ಮ ಖಾತೆ ಬದಲಾದರೆ ಬರೀ ಮೇಲಿನಲ್ಲಿ ತಿಳಿಸುವುದಿಲ್ಲ. ಮೊದಲ ಪಾವತಿಯ ಮುಂಚೆ, ಆರ್ಡರ್ ಕೊಟ್ಟವರ ಹತ್ತಿರ ಮೊದಲಿನಿಂದ ಇರುವ ನಮ್ಮ ನಂಬರಿಗೆ ಫೋನ್ ಮಾಡಿ ಖಾತೆಯ ಕೊನೆಯ ನಾಲ್ಕು ಅಂಕಿ ಖಚಿತ ಮಾಡಿಕೊಳ್ಳಿ. ‘ಮೊದಲಿನಿಂದ ಇರುವ’ ಎಂಬ ಮಾತು ಬಿಡಬಾರದು. ಬಿಲ್ಲು ಬದಲಿಸಿದ ಕಳ್ಳ ಅದರ ಮೇಲಿನ ಫೋನ್ ನಂಬರನ್ನೂ ಬದಲಿಸಿರುತ್ತಾನೆ. ರೊಕ್ಕ ತಪ್ಪು ಖಾತೆಗೆ ಹೋಯಿತೆಂದು ಗೊತ್ತಾದ ಕ್ಷಣವೇ, ಹಾಕಿದವರು 1930ಕ್ಕೆ ಫೋನ್ ಮಾಡಿ ದೂರು ಕೊಡಬೇಕು. ಎಷ್ಟು ಬೇಗ ಹೇಳಿದರೆ ಅಷ್ಟು ರೊಕ್ಕ ತಡೆಹಿಡಿಯುವ ಅವಕಾಶ.

## ಪ್ರಶ್ನೆ ಬಂದರೆ ಯಾರನ್ನು ಕೇಳಬೇಕು?

‘ಏನಾದರೂ ಇದ್ದರೆ ತಿಳಿಸಿ’ ಎಂದು ಬರೆದರೆ ಯಾರೂ ತಿಳಿಸುವುದಿಲ್ಲ. ಬಿಲ್ಲು ಬದಿಗೆ ಇಟ್ಟು ಸುಮ್ಮನಾಗುತ್ತಾರೆ. ಒಬ್ಬರ ಹೆಸರು, ಅವರು ಫೋನ್ ಎತ್ತುವ ಹೊತ್ತು, ಒಂದು ನಂಬರ್ ಬೇಕು. ಮಗ್ಗದ ಸದ್ದಿನಲ್ಲಿ ಫೋನ್ ಕೇಳದ ಮನೆಯಾದರೆ ಲೆಕ್ಕ ಬರೆಯುವ ಮಗಳ ನಂಬರ್ ಕೊಡಿ. ಸೀರೆಯ ಬಣ್ಣ, ಎಣಿಕೆ, ಕಲೆ ಇಂಥ ಪ್ರಶ್ನೆಗೆ ಒಬ್ಬರು, ಜಿಎಸ್‌ಟಿ ಮತ್ತು ಬ್ಯಾಂಕಿನ ಪ್ರಶ್ನೆಗೆ ಇನ್ನೊಬ್ಬರು ಎಂದಿದ್ದರೆ ಹಾಗೆಯೇ ಬಿಡಿಸಿ ಬರೆಯಿರಿ.

ಎರಡು ಸೀರೆಯಲ್ಲಿ ದೋಷ ಕಂಡಿತು ಎನ್ನಿ. ಆಗ ಪೂರ್ತಿ ಬಿಲ್ಲು ನಿಂತುಬಿಡುವುದೇ ನಷ್ಟ. ಎರಡು ಸೀರೆಗೆ 5,600, ಅದರ ಮೇಲಿನ ತೆರಿಗೆ 280, ಒಟ್ಟು 5,880 ರೂಪಾಯಿಯನ್ನು ಬಿಲ್ಲಿನಿಂದ ಕಳೆದಿದ್ದೇವೆ ಎಂದು ತಿಳಿಸುವ ಕ್ರೆಡಿಟ್ ನೋಟ್ ನೀವು ಕೊಟ್ಟರೆ ಉಳಿದ 99,960 ರೂಪಾಯಿ ಹೇಳಿದ ದಿನಕ್ಕೆ ಬರಬಹುದು. ಇದಕ್ಕಾಗಿ ಮೇಲಿನಲ್ಲಿಯೇ ‘ಮಾಲಿನಲ್ಲಿ ಹೆಚ್ಚುಕಡಿಮೆ ಇದ್ದರೆ ಇಂಥ ದಿನದೊಳಗೆ ಬರೆದು ತಿಳಿಸಿ, ಉಳಿದ ಮೊತ್ತ ತಡೆಯಬೇಡಿ’ ಎಂಬ ಸಾಲು ಇರಲಿ.

## ಮೇಲ್ ಹೀಗಿರಬಹುದು

ಬೆಂಗಳೂರಿನ ಪಾರ್ಟಿ ಆದ್ದರಿಂದ ಕನ್ನಡದಲ್ಲಿಯೇ ಕೊಟ್ಟಿದ್ದೇನೆ. ಪುಣೆಗೆ ಕಳಿಸುವಾಗ ಇಂಗ್ಲಿಷಿನಲ್ಲಿ ಬರೆದರೂ ಕ್ರಮ ಇದೇ.

> ವಿಷಯ: ಬಿಲ್ ನಂ. 018/26-27, ₹1,05,840, ಕೊನೆಯ ದಿನ 10 ಜುಲೈ 2026, (ಘಟಕದ ಹೆಸರು), ಇಳಕಲ್
>
> ಅಕೌಂಟ್ಸ್ ವಿಭಾಗದವರಿಗೆ ನಮಸ್ಕಾರ.
>
> ನಿಮ್ಮ ಮಳಿಗೆಯ (ಹೆಸರು) ಅವರು ಕೊಟ್ಟ ಆರ್ಡರ್ ನಂ. (…) ಪ್ರಕಾರ 36 ಇಳಕಲ್ ಸೀರೆ ಕಳಿಸಿದ್ದೇವೆ. ಲಾರಿ ರಸೀದಿ ನಂ. (…), ಇ-ವೇ ಬಿಲ್ ನಂ. (…). ನಿಮ್ಮ ಜೊತೆ ಇದು ನಮ್ಮ ಮೊದಲ ಬಿಲ್ಲು. ಹೊಸ ಖಾತೆ ತೆರೆಯಲು ಬೇಕಾದ ಜಿಎಸ್‌ಟಿ ಪ್ರಮಾಣಪತ್ರ, ಉದ್ಯಮ್ ಪ್ರಮಾಣಪತ್ರ, ರದ್ದು ಮಾಡಿದ ಚೆಕ್ಕಿನ ಪ್ರತಿ ಲಗತ್ತಿಸಿದ್ದೇವೆ.
>
> ಸೀರೆಯ ಮೌಲ್ಯ ₹1,00,800, ಜಿಎಸ್‌ಟಿ ₹5,040, ಒಟ್ಟು ₹1,05,840.
> ಆರ್ಡರಿನಲ್ಲಿ ಒಪ್ಪಿದಂತೆ ಕೊನೆಯ ದಿನ: 10 ಜುಲೈ 2026, ಶುಕ್ರವಾರ.
>
> ನೆಫ್ಟ್ ಮೂಲಕ ಪಾವತಿ: ಖಾತೆಯ ಹೆಸರು (…), ಖಾತೆ ನಂ. (…), ಬ್ಯಾಂಕು ಮತ್ತು ಶಾಖೆ (…), ಐಎಫ್‌ಎಸ್‌ಸಿ (…). ಷರಾದಲ್ಲಿ ಬಿಲ್ ನಂ. 018 ಬರೆಯಿರಿ. ಹಾಕಿದ ಮೇಲೆ ಬ್ಯಾಂಕು ಕೊಡುವ ಯುಟಿಆರ್ ನಂಬರನ್ನು ಈ ಮೇಲಿಗೆ ಉತ್ತರವಾಗಿ ಕಳಿಸಿ.
>
> ಮೊದಲ ಪಾವತಿಗೆ ಮುಂಚೆ, ಆರ್ಡರ್ ಕೊಟ್ಟವರ ಹತ್ತಿರ ಇರುವ ನಮ್ಮ ನಂಬರಿಗೆ ಫೋನ್ ಮಾಡಿ ಖಾತೆ ಖಚಿತ ಮಾಡಿಕೊಳ್ಳಿ. ಖಾತೆ ಬದಲಾವಣೆಯನ್ನು ನಾವು ಬರೀ ಮೇಲಿನಲ್ಲಿ ತಿಳಿಸುವುದಿಲ್ಲ.
>
> ಮಾಲಿನಲ್ಲಿ ಹೆಚ್ಚುಕಡಿಮೆ ಇದ್ದರೆ ಜೂನ್ 20ರೊಳಗೆ ಬರೆದು ತಿಳಿಸಿ, ಉಳಿದ ಮೊತ್ತವನ್ನು ತಡೆಯಬೇಡಿ ಎಂದು ವಿನಂತಿ. ಬಿಲ್ಲು, ಬ್ಯಾಂಕಿನ ಪ್ರಶ್ನೆಗೆ: (ಹೆಸರು), (ನಂಬರ್), ಬೆಳಿಗ್ಗೆ 10ರಿಂದ ಸಂಜೆ 6.

ವಿಷಯದ ಸಾಲಿನಲ್ಲಿ ನಂಬರ್, ಮೊತ್ತ, ತಾರೀಖು, ಹೆಸರು ನಾಲ್ಕೂ ಇರುವುದು ಯಾಕೆಂದರೆ, ತಿಂಗಳ ನಂತರ ಗುಮಾಸ್ತರು ಮೇಲ್ ಪೆಟ್ಟಿಗೆಯಲ್ಲಿ ಹುಡುಕುವುದು ಇವುಗಳಲ್ಲೊಂದನ್ನು ಹಾಕಿಯೇ. ಬಿಲ್ಲನ್ನು ಫೋಟೊ ಬದಲು ಪಿಡಿಎಫ್ ಮಾಡಿ, ಕಡತಕ್ಕೂ ಬಿಲ್ ನಂಬರಿನದೇ ಹೆಸರಿಡಿ.

## ಬಂದ ಮೊತ್ತ ಕಡಿಮೆ ಇದ್ದರೆ

ಜುಲೈ 10ಕ್ಕೆ ಖಾತೆಗೆ 1,05,840ರ ಬದಲು ಸರಿಯಾಗಿ 1,00,800 ಬಂತು ಎಂದುಕೊಳ್ಳಿ. ಈ ಅಂಕಿಯೇ ಕಾರಣ ಹೇಳುತ್ತದೆ: ಜಿಎಸ್‌ಟಿಯ 5,040 ರೂಪಾಯಿ ತಡೆಹಿಡಿದಿದ್ದಾರೆ. ಆ ತೆರಿಗೆಯನ್ನು ಅವರು ತಾವು ಕಟ್ಟುವ ತೆರಿಗೆಯಲ್ಲಿ ಮುರಿದುಕೊಳ್ಳಬೇಕಾದರೆ, ನೀವು ಬಿಲ್ಲನ್ನು ಜಿಎಸ್‌ಟಿ ತಾಣಕ್ಕೆ ಏರಿಸಿರಬೇಕು. ಜೂನ್ ಬಿಲ್ಲನ್ನು ಏರಿಸಲು ಜುಲೈ 11ರವರೆಗೆ ಸಮಯ ಇದೆ (ಮೂರು ತಿಂಗಳಿಗೊಮ್ಮೆ ತುಂಬುವವರಿಗೆ 13ರವರೆಗೆ), ಅವರ ಕಡೆಯ ಪಟ್ಟಿ ತಯಾರಾಗುವುದು 14ಕ್ಕೆ. ನಿಮ್ಮ ಕೊನೆಯ ದಿನ 10. ಈ ನಾಲ್ಕು ದಿನದ ಅಂತರದಿಂದ ಹುಟ್ಟಿದ ಕಡಿತ ಅದು. ಹೊಸಬರ ಬಿಲ್ಲಿಗೆ ಎಷ್ಟೋ ಮಳಿಗೆಗಳು ಹೀಗೆ ಮಾಡುತ್ತವೆ. ಏರಿಸಿದ ದಿನ ಅವರಿಗೊಂದು ಸಾಲು ಬರೆದು, 14ರ ನಂತರ ಉಳಿದದ್ದು ಕೇಳಿ. 99,960 ಬಂದಿದ್ದರೆ ಅದು ಎರಡು ಸೀರೆಯ ಲೆಕ್ಕ. ಮಾಲು ಮಾರದೆ ಕೂಲಿ ನೇಯ್ಗೆ ಮಾಡಿಕೊಟ್ಟ ಬಿಲ್ಲಾದರೆ ಟಿಡಿಎಸ್ ಎಂಬ ಆದಾಯ ತೆರಿಗೆಯ ಕಡಿತವೂ ಇರಬಹುದು.

ಇವೆಲ್ಲ ಬರುವುದು ಬಿಲ್ಲು ಅವರ ಪುಸ್ತಕಕ್ಕೆ ಏರಿದ ಮೇಲೆ. ಆದ್ದರಿಂದ ಮೇಲ್ ಕಳಿಸಿದ ಮೂರನೆಯ ದಿನ ಅಕೌಂಟ್ಸ್‌ಗೆ ಒಂದು ಫೋನ್ ಮಾಡಿ. ರೊಕ್ಕದ ಮಾತು ಎತ್ತಬೇಡಿ, ಅದಕ್ಕೆ ಇನ್ನೂ ದಿನ ಇದೆ. “018 ನಂಬರಿನ ಬಿಲ್ಲು ಎಂಟ್ರಿ ಆಗೈತೇನ್ರಿ, ಇನ್ನ ಯಾವುದರ ಕಾಗದ ಬೇಕೇನ್ರಿ?” ಎಂದು ಕೇಳಿ. ಆಗಿಲ್ಲ ಎಂದರೆ ಯಾವ ಕಾಗದಕ್ಕೆ ನಿಂತಿದೆ ಎಂದು ಅಲ್ಲಿಯೇ ತಿಳಿಯುತ್ತದೆ, ಅದನ್ನು ಅದೇ ಮೇಲಿಗೆ ಉತ್ತರವಾಗಿ ಅವತ್ತೇ ಕಳಿಸಬಹುದು.